ಲಡಾಖಿನ ಶಾಲು, ಉಡುಪಿಯ ಮಳೆಗಾಲ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಅಣ್ಣ ಸೈನ್ಯದಲ್ಲಿದ್ದ. ಲೇಹ್‌ನಿಂದ ರಜೆಯಲ್ಲಿ ಬಂದಾಗ ಅತ್ತಿಗೆಗೆ ಒಂದು ಪಶ್ಮೀನಾ ಶಾಲು ತಂದಿದ್ದ. ಕೆನೆ ಬಣ್ಣದ್ದು, ಅಂಚಿನಲ್ಲೂ ಕಸೂತಿ ಇಲ್ಲ. ಅತ್ತಿಗೆ ಅದನ್ನು ಹೊದ್ದುಕೊಂಡು ಒಂದು ಮದುವೆಗೆ ಹೋದರು. ಊಟದ ಹೊತ್ತಿಗೆ ಮಡಿಲಿನ ಹತ್ತಿರ ಸ್ವಲ್ಪ ಪಾಯಸ ಬಿತ್ತು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಡಚಿ, ಹಲಸಿನ ಮರದ ಕಪಾಟಿನಲ್ಲಿಟ್ಟರು. ಮತ್ತೆ ತೆಗೆದದ್ದು ದೀಪಾವಳಿ ಕಳೆದ ಮೇಲೆ. ಆಗ ಮೂರು ತೂತು ಕಂಡವು. ಒಂದು ಕುತ್ತಿಗೆಗೆ ತಾಗುವ ಜಾಗದಲ್ಲಿ, ಎರಡು ಪಾಯಸ ಬಿದ್ದ ಜಾಗದಲ್ಲಿ. ಉಳಿದೆಡೆ ಏನೂ ಆಗಿರಲಿಲ್ಲ.

ಹುಳ ಹಾಗೆ ಜಾಗ ಹುಡುಕಿ ತಿಂದದ್ದು ಯಾಕೆ ಅಂತ ನನಗೂ ಅವತ್ತು ಗೊತ್ತಿರಲಿಲ್ಲ. ಅದು ತಿಳಿಯಬೇಕಾದರೆ ಮೊದಲು ಈ ಶಾಲು ನೇಯುವ ಮೇಕೆಯ ಕೂದಲು ಎಂಥದ್ದು ಎಂದು ನೋಡಬೇಕು.

ಲಡಾಖಿನ ಚಾಂಗ್‌ಥಾಂಗ್ ಎಂಬಲ್ಲಿ ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿ ಒಂದು ತಳಿಯ ಮೇಕೆ ಸಾಕುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಆ ಮೇಕೆಗೆ ಎರಡು ಬಗೆಯ ಕೂದಲು. ಮೇಲೆ ಉದ್ದನೆಯ ಒರಟು ಕೂದಲು, ಅದರಡಿಯಲ್ಲಿ ಹತ್ತಿಯಂಥ ನಯವಾದ ತುಪ್ಪಳ. ಹಗಲು ಗಿಡ್ಡವಾಗುತ್ತಾ ಬಂದ ಹಾಗೆ ಒಳಗಿನ ತುಪ್ಪಳ ಬೆಳೆಯುತ್ತದೆ, ಚಳಿ ಕಳೆದ ಮೇಲೆ ತಾನಾಗಿ ಸಡಿಲವಾಗುತ್ತದೆ. ಆಗ ಅದನ್ನು ಬಾಚಣಿಗೆಯಲ್ಲಿ ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವುದು ಕಾಲು ಕಿಲೋ ಆಸುಪಾಸು. ಅದರಲ್ಲಿ ಸೇರಿದ ಒರಟು ಕೂದಲು, ಮಣ್ಣು ತೆಗೆದರೆ ಉಳಿಯುವುದು ಅರ್ಧಕ್ಕಿಂತಲೂ ಕಡಿಮೆ.

ಫಾರಸಿಯಲ್ಲಿ ‘ಪಶ್ಮ್’ ಅಂದರೆ ಉಣ್ಣೆ, ಅದರಿಂದ ಪಶ್ಮೀನಾ. ಯುರೋಪಿನವರು ಕಾಶ್ಮೀರದ ಹೆಸರಿನಲ್ಲೇ ಕ್ಯಾಶ್ಮೀರ್ ಎಂದರು. ಅಂಗಡಿಯಲ್ಲಿ ಕ್ಯಾಶ್ಮೀರ್ ಸ್ವೆಟರ್ ಅಂತ ಸಿಗುವುದರ ತುಪ್ಪಳ ಹೆಚ್ಚಾಗಿ ಚೀನಾ, ಮಂಗೋಲಿಯಾ ಕಡೆಯ ಮೇಕೆಗಳದ್ದು. ಒಂದೇ ಬಗೆಯ ತುಪ್ಪಳ, ಲಡಾಖಿನದು ಇನ್ನಷ್ಟು ಸಪೂರ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಅನ್ನುತ್ತಾರೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಒಳ್ಳೆಯ ಪಶ್ಮೀನಾ 12ರಿಂದ 15. ಕಂಬಳಿ ಚುಚ್ಚುತ್ತದೆ ಅಲ್ವಾ? ಅದರ ದಪ್ಪ ಎಳೆಗಳ ತುದಿ ಬಾಗುವುದಿಲ್ಲ, ನೆಟ್ಟಗೆ ಚರ್ಮಕ್ಕೆ ತಾಗುತ್ತದೆ. ಪಶ್ಮೀನಾದ ಎಳೆ ಮುಟ್ಟಿದರೆ ಬಾಗಿಬಿಡುತ್ತದೆ. ನಯ ಅನ್ನಿಸುವುದು ಅದಕ್ಕೇ.

ಸೂಕ್ಷ್ಮ ಆಗುವುದೂ ಅದಕ್ಕೇ. ಎಳೆ ಸಪೂರ ಮಾತ್ರ ಅಲ್ಲ, ಗಿಡ್ಡ ಕೂಡ. ಎರಡಂಗುಲ ಇದ್ದರೆ ಹೆಚ್ಚು. ಕಾಶ್ಮೀರದ ಹೆಂಗಸರು ಚರಕದಲ್ಲಿ ಹುರಿ ಕಡಿಮೆ ಇರುವಂತೆ ಮೆತ್ತಗೆ ನೂಲುತ್ತಾರೆ. ಮಗ್ಗದಲ್ಲಿ ತಡೆಯಲಿ ಅಂತ ಆ ನೂಲಿಗೆ ಅಕ್ಕಿಯ ಗಂಜಿ ಹಾಕುತ್ತಾರೆ, ನೇಯ್ದ ಮೇಲೆ ತೊಳೆದು ತೆಗೆಯುತ್ತಾರೆ. ಗಂಜಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಕೈ ತುರಿಸುತ್ತದೆ. ಶಾಲಿಗೆ ಮಾತ್ರ ದಯವಿಟ್ಟು ಹಾಕಬೇಡಿ. ಗರಿಗರಿ ಆಗಬೇಕಾದ ಬಟ್ಟೆ ಅದಲ್ಲ.

ಇನ್ನು ತೊಳೆಯುವ ವಿಷಯ. ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಸಣ್ಣ ಸಣ್ಣ ಹುರುಪೆಗಳು ಇರುತ್ತವೆ, ಥೇಟ್ ನಮ್ಮ ಹೆಂಚಿನ ಮಾಡಿನ ಹಾಗೆ, ಒಂದರ ಮೇಲೊಂದು. ಮಾಡಿನ ಮೇಲಿಂದ ಕೆಳಕ್ಕೆ ಕೈ ಸವರಿದರೆ ಜಾರುತ್ತದೆ, ಕೆಳಗಿಂದ ಮೇಲಕ್ಕೆ ಸವರಿದರೆ ತಡೆಯುತ್ತದೆ. ಬಿಸಿನೀರು, ಖಾರದ ಸೋಪು, ತಿಕ್ಕಾಟ, ಈ ಮೂರೂ ಸೇರಿದಾಗ ಎಳೆಗಳು ಹಿಗ್ಗಿ ಒಂದರೊಳಗೊಂದು ಸರಿಯತೊಡಗುತ್ತವೆ. ಸರಿಯುವುದು ಒಂದೇ ದಿಕ್ಕಿಗೆ. ಹಿಂದೆ ಬರಲು ‘ಹೆಂಚು’ ಬಿಡುವುದಿಲ್ಲ. ಕೊನೆಗೆ ಗಂಟು ಬಿದ್ದು ಶಾಲು ಗಿಡ್ಡವಾಗಿ ದಪ್ಪವಾಗುತ್ತದೆ. ಬೆಳಕಿಗೆ ಹಿಡಿದರೆ ನೇಯ್ಗೆಯ ಎಳೆ ಬೇರೆ ಬೇರೆಯಾಗಿ ಕಾಣಬೇಕು. ಮುದ್ದೆಯಾಗಿ ಕಂಡರೆ ಕೆಲಸ ಕೆಟ್ಟಿತು ಅಂತ ತಿಳಿಯಿರಿ. ಅದನ್ನು ಮತ್ತೆ ಬಿಡಿಸುವ ಉಪಾಯ ಇಲ್ಲ. ಪಶ್ಮೀನಾದ ‘ಹೆಂಚು’ ಕುರಿಯದ್ದಕ್ಕಿಂತ ತೆಳ್ಳಗೆ, ದೂರ ದೂರ. ಆದ್ದರಿಂದ ಸ್ವಲ್ಪ ನಿಧಾನವಾಗಿ ಗಂಟು ಬೀಳಬಹುದು, ಬೀಳದೆ ಇರುವುದಿಲ್ಲ.

ಹಾಗಾಗಿ ವಾಷಿಂಗ್ ಮೆಷಿನ್ ಬೇಡ. ಬಟ್ಟೆ ಒಗೆಯುವ ಪುಡಿಯೂ ಬೇಡ. ಅದರಲ್ಲಿ ಕ್ಷಾರ ಇರುತ್ತದೆ. ಬೆವರು, ಮೊಟ್ಟೆಯಂಥ ಕಲೆ ತೆಗೆಯಲಿ ಅಂತ ಎಷ್ಟೋ ಪುಡಿಗಳಿಗೆ ಪ್ರೋಟೀನು ಕರಗಿಸುವ ಕಿಣ್ವವನ್ನೂ ಸೇರಿಸಿರುತ್ತಾರೆ. ಉಣ್ಣೆಯೇ ಪ್ರೋಟೀನು. ಕಲೆಯ ಜೊತೆ ಶಾಲೂ ಸವೆಯುತ್ತದೆ.

ನಾನು ಅತ್ತಿಗೆಯ ಶಾಲಿಗೆ ಬಳಸಿದ್ದು ಅಂಟುವಾಳ. ಪಟ್ಟೆಸೀರೆಗೆ ನಮ್ಮ ಅಜ್ಜಿ ಬಳಸುತ್ತಿದ್ದದ್ದೂ ಅದೇ, ಕಾಶ್ಮೀರದಲ್ಲಿ ಶಾಲು ತೊಳೆಯಲು ಬಳಸುವ ‘ರೀಠಾ’ ಕೂಡ ಅದೇ. ಅದರ ರಸ ಸ್ವಲ್ಪ ಹುಳಿಯ ಗುಣದ್ದು, ಉಣ್ಣೆಗೆ ಹಿತ. ಆರೇಳು ಕಾಯಿ ಒಡೆದು ಬೀಜ ತೆಗೆದು, ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಕೆನೆ ಬಣ್ಣದ ಶಾಲಾದರೆ ಎರಡು ಸಲ ಸೋಸಿ, ಇಲ್ಲದಿದ್ದರೆ ಕಂದು ಚೂರು ಅಂಟಿಕೊಳ್ಳುತ್ತದೆ. ಅಂಟುವಾಳ ಸಿಗದಿದ್ದರೆ ಮಕ್ಕಳ ಶಾಂಪೂ ಒಂದು ಚಮಚ ಸಾಕು.

ಬಣ್ಣದ ಶಾಲಾದರೆ ಮೊದಲು ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮನೆಯಲ್ಲಿ ತೊಳೆಯಬೇಡಿ, ಡ್ರೈಕ್ಲೀನಿಗೆ ಕೊಡಿ. ಕೈಕಸೂತಿ ತುಂಬಿದ್ದು, ತುಂಬ ಹಳೆಯದು ಕೂಡ ಹಾಗೇ.

ನೀರು ಬೆಳಗ್ಗಿನದ್ದೇ ಆಗಲಿ. ನಮ್ಮ ಸೆಕೆಗೆ ಮಧ್ಯಾಹ್ನ ಟ್ಯಾಂಕಿಯ ನೀರು ಕೈ ಸುಡುತ್ತದೆ. ನಲ್ಲಿ ತಿರುಗಿಸಿದರೆ ತಣ್ಣೀರು ಅಂದುಕೊಂಡು ನೆನೆಸಿ ಕೆಟ್ಟವರಿದ್ದಾರೆ. ಬಾವಿಯಿಂದ ಆಗಷ್ಟೇ ಸೇದಿದ ನೀರು ಸರಿಯಾಗುತ್ತದೆ. ಅದು ಕೆಂಪಾಗಿದ್ದರೆ ಮಾತ್ರ ಬಿಳಿ ಶಾಲಿಗೆ ಬೇಡ, ಕಬ್ಬಿಣದ ಕಲೆ ಹಿಡಿಯುತ್ತದೆ. ದೊಡ್ಡ ಟಬ್ಬಿನಲ್ಲಿ ಏಳೆಂಟು ಲೀಟರ್ ನೀರಿಗೆ ರಸ ಬೆರೆಸಿ, ಆಮೇಲೆ ಶಾಲು ಮುಳುಗಿಸಿ. ಅಂಗೈಯಲ್ಲಿ ಮೆಲ್ಲ ಒತ್ತಿ ಬಿಡಿ, ಒತ್ತಿ ಬಿಡಿ. ತಿಕ್ಕಬಾರದು, ಹಿಂಡಬಾರದು. ಐದು ನಿಮಿಷ ಸಾಕು. ಕಲೆ ಇದ್ದಲ್ಲಿ ಬೆರಳ ತುದಿಯಿಂದ ತಟ್ಟಿ.

ಎತ್ತುವಾಗ ಜಾಗ್ರತೆ. ಒದ್ದೆಯಾದ ಉಣ್ಣೆಗೆ ಬಲ ಕಡಿಮೆ, ನೀರು ಕುಡಿದು ಭಾರ ಜಾಸ್ತಿ. ಒಂದು ಮೂಲೆ ಹಿಡಿದು ಎತ್ತಿದರೆ ಜಗ್ಗಿಹೋಗುತ್ತದೆ. ಎರಡೂ ಕೈ ಅಡಿಗೆ ಕೊಟ್ಟು, ಮಲಗಿದ ಮಗುವನ್ನು ಎತ್ತಿದ ಹಾಗೆ ಎತ್ತಬೇಕು. ಅಷ್ಟೇ ಬಿಸುಪಿನ ನೀರಿನಲ್ಲಿ ಎರಡು ಮೂರು ಸಲ ಜಾಲಾಡಿಸಿ. ಆಮೇಲೆ ದಪ್ಪ ಬೈರಾಸಿನ ಮೇಲೆ ಹರಡಿ, ಚಾಪೆಯಂತೆ ಸುರುಳಿ ಸುತ್ತಿ, ಮೇಲಿಂದ ಒತ್ತಿ. ನೀರು ಬೈರಾಸಿಗೆ ಹೋಗುತ್ತದೆ. ಇನ್ನೊಂದು ಒಣ ಬೈರಾಸನ್ನು ಚಾಪೆಯ ಮೇಲೆ ಹಾಸಿ, ನೆರಳಿನಲ್ಲಿ, ಫ್ಯಾನಿನ ಕೆಳಗೆ ಮಲಗಿಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಬೇಡಿ. ನೇತುಹಾಕಿದ ಗುರುತು ಹೋಗುವುದಿಲ್ಲ.

ಇಷ್ಟೆಲ್ಲ ಮಾಡುವುದು ಯಾವಾಗ? ನಾನು ಶಿವರಾತ್ರಿ ಆಸುಪಾಸು ಮಾಡುತ್ತೇನೆ. ಆಗ ಗಾಳಿ ಒಣಗಿರುತ್ತದೆ. ಜೂನ್ ಆದ ಮೇಲೆ ತೊಳೆದರೆ ಎರಡು ದಿನವಾದರೂ ತಂಪು ಬಿಡುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ.

ಈಗ ಆ ತೂತಿನ ಕಥೆ. ಗೋಡೆಯ ಮೇಲೆ ಸೌತೆಬೀಜದಷ್ಟು ದೊಡ್ಡ, ಬೂದು ಬಣ್ಣದ ಚಪ್ಪಟೆ ಗೂಡು ಹರಿದಾಡುವುದನ್ನು ನೀವೆಲ್ಲ ನೋಡಿರುತ್ತೀರಿ. ಒಳಗೆ ಒಂದು ಮರಿಹುಳ ಇರುತ್ತದೆ. ಅದು ಒಂದು ಜಾತಿಯ ಸಣ್ಣ ಪತಂಗದ ಮರಿ. ಜೇಡರ ಬಲೆ, ಉದುರಿದ ಕೂದಲು, ಉಣ್ಣೆ ಅದರ ಊಟ. ಬಟ್ಟೆ ತಿನ್ನುವ ಬೇರೆ ಪತಂಗಗಳೂ ಇವೆ. ಎಲ್ಲದರಲ್ಲೂ ತಿನ್ನುವುದು ಮರಿಯೇ, ಹಾರುವ ಪತಂಗ ಅಲ್ಲ. ಬರೀ ಉಣ್ಣೆ ತಿಂದರೆ ಮರಿ ಚೆನ್ನಾಗಿ ಬೆಳೆಯುವುದಿಲ್ಲ. ಬೆವರು, ಎಣ್ಣೆ, ಪಾಯಸ ಸೇರಿದ ಉಣ್ಣೆ ಅದಕ್ಕೆ ಬೇಕಾದದ್ದನ್ನೆಲ್ಲ ಕೊಡುತ್ತದೆ. ಅತ್ತಿಗೆಯ ಶಾಲಿನಲ್ಲಿ ಕುತ್ತಿಗೆ ಮತ್ತು ಮಡಿಲು ಮಾತ್ರ ಯಾಕೆ ಹೋಯಿತು ಎಂದು ಈಗ ಗೊತ್ತಾಯಿತಲ್ಲ. ಒಂದೇ ಸಲ ಹೊದ್ದಿದ್ದರೂ ಎತ್ತಿಡುವ ಮೊದಲು ತೊಳೆಯಬೇಕು ಅನ್ನುವುದು ಇದಕ್ಕೆ.

ನುಸಿಗುಳಿಗೆ ಹಾಕಿದರೆ ಸಾಲದೇ ಅಂತ ಕೇಳುತ್ತಾರೆ. ತೆರೆದು ಮುಚ್ಚುವ ಕಪಾಟಿನಲ್ಲಿ ಅದರ ಆವಿ ನಿಲ್ಲುವುದಿಲ್ಲ, ವಾಸನೆ ಮಾತ್ರ ಉಳಿಯುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಹಸುಗೂಸಿಗೆ ಹೊದಿಸಬೇಡಿ. ಕೆಲವು ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಬಾಣಂತಿ ಮನೆಗೆ ಶಾಲು ಕೊಡುವವರು ಇದನ್ನು ನೆನಪಿಡಿ.

ನಾನು ಮಾಡುವುದು ಹೀಗೆ. ಪೂರ್ತಿ ಒಣಗಿದ ಶಾಲನ್ನು ಹಳೆಯ ಹತ್ತಿ ಪಂಚೆಯ ಜೊತೆ ಸುರುಳಿ ಸುತ್ತುತ್ತೇನೆ. ಮಡಚಿದರೆ ಮಡಿಕೆಯಲ್ಲೇ ಎಳೆ ಕಡಿಯುತ್ತದೆ. ಒಂದು ಒಣ ಮಧ್ಯಾಹ್ನ ನೋಡಿ, ಬಿಗಿಯಾಗಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್‌ನ ನೀಲಿ ಹರಳು ನೂರು ಗ್ರಾಂ, ಬಟ್ಟೆಯ ಚೀಲದಲ್ಲಿ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕೈಯನ್ನು ನಂಬಬೇಡಿ, ಜೆಲ್‌ನ ಬಣ್ಣ ನೋಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ತುಂಬಿದೆ ಅಂತ ಅರ್ಥ. ಬದಲಾಯಿಸಬೇಕು. ಅಷ್ಟಮಿಯ ಹೊತ್ತಿಗೆ, ಮಳೆ ಬಿಟ್ಟು ಬಿಸಿಲು ಬಂದ ದಿನ ಒಮ್ಮೆ ಡಬ್ಬಿ ತೆರೆದು ಬಿಚ್ಚಿ ನೋಡುತ್ತೇನೆ.

ಹುಳ ಕಂಡರೆ ಗಾಬರಿ ಬೇಡ. ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು ಕಟ್ಟಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟರೆ ಬೆವರುವ ನೀರು ಚೀಲದ ಹೊರಗೇ ಉಳಿಯುತ್ತದೆ.

ಅತ್ತಿಗೆಯ ಶಾಲಿನ ಮೂರು ತೂತನ್ನು ರಫೂ ಮಾಡಿಸಿದೆವು. ಬೇರೆ ನೂಲು ತಂದರೆ ಬಣ್ಣ ಹೊಂದುವುದಿಲ್ಲ. ರಫೂ ಮಾಡುವವರು ಶಾಲಿನ ಅಂಚಿನ ಕುಚ್ಚಿನಿಂದಲೇ ನಾಲ್ಕೆಳೆ ತೆಗೆದು ನೇಯ್ದರು. ಕುತ್ತಿಗೆಯ ಹತ್ತಿರದ್ದು ಈಗ ನನ್ನ ಕಣ್ಣಿಗೂ ಸಿಗುವುದಿಲ್ಲ. ಪಾಯಸದ ಎರಡು ತೂತು ಎಲ್ಲಿತ್ತೆಂದು ಅತ್ತಿಗೆ ಇವತ್ತಿಗೂ ಬೆರಳಿಟ್ಟು ತೋರಿಸುತ್ತಾರೆ.

ನಮಸ್ಕಾರ.