ತಪ್ಪು ಯುಐಡಿಗೆ ಹೋದ ಹಣ: ಸಪೋರ್ಟ್‌ನವರ ಕೈಯಲ್ಲಿ ಏನಿದೆ?
(ಬಾಗಲಕೋಟೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ನಾನು ಕೆಲವು ವರ್ಷ ಒಂದು ಕ್ರಿಪ್ಟೋ ಎಕ್ಸ್‌ಚೇಂಜಿನ ಸಪೋರ್ಟ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಇವತ್ತು ಒಂದೇ ಒಂದು ಪ್ರಕರಣ ಹೇಳುತ್ತೇನೆ.

ಇಳಕಲ್ಲಿನ ಹುಡುಗನೊಬ್ಬ ಒಂದು ರಾತ್ರಿ ಫೋನ್ ಮಾಡಿದ. "ಸರ, ರೊಕ್ಕ ಬ್ಯಾರೆದವ್ರಿಗೆ ಹೋತ್ರಿ!" ತನ್ನ ಅಕ್ಕನ ಮಗನಿಗೆ 300 ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಜೋಡಿಸಿದ ಕ್ರಿಪ್ಟೋ ನಾಣ್ಯ, ಕಳಿಸುವುದಿತ್ತು. ಇಬ್ಬರದೂ ಒಂದೇ ಎಕ್ಸ್‌ಚೇಂಜು. ಹಾಗಾಗಿ ಉದ್ದನೆಯ ವಾಲೆಟ್ ವಿಳಾಸ ಬೇಡ, ಯುಐಡಿ, ಅಂದರೆ ಎಕ್ಸ್‌ಚೇಂಜು ಪ್ರತಿ ಗ್ರಾಹಕನಿಗೆ ಕೊಡುವ ನಂಬರು, ಹಾಕಿದರೆ ಸಾಕು. ಆ ಯುಐಡಿಯ ಕೊನೆಯ ನಾಲ್ಕು ಅಂಕಿ 5736. ಇವನು ಒತ್ತಿದ್ದು 7536. ಎರಡು ಅಂಕಿ ಅದಲುಬದಲು, ಅಷ್ಟೇ.

ಇಂಥ ತಪ್ಪನ್ನು ಆ್ಯಪ್ ಯಾಕೆ ಹಿಡಿಯಲಿಲ್ಲ? ಆಧಾರ್ ಸಂಖ್ಯೆ ನೋಡಿ. ಅದರ 12ನೇ ಅಂಕಿ ಉಳಿದ 11 ಅಂಕಿಗಳ ಲೆಕ್ಕದಿಂದ ಬಂದದ್ದು. ಪಕ್ಕದ ಎರಡು ಅಂಕಿ ಅದಲುಬದಲಾದರೆ ಲೆಕ್ಕ ತಪ್ಪುತ್ತದೆ, ಸಂಖ್ಯೆ ತಪ್ಪು ಅಂತ ಗೊತ್ತಾಗುತ್ತದೆ. ಬಿಟ್‌ಕಾಯಿನ್ ವಿಳಾಸದಲ್ಲೂ ಇಂಥ ತಪಾಸಣೆ ಇದೆ. ಯುಐಡಿ ಸಾಮಾನ್ಯವಾಗಿ ಸುಮ್ನೆ ಒಂದು ಖಾತೆ ನಂಬರು. ಆ ನಂಬರಿನ ಖಾತೆ ಇಲ್ಲದಿದ್ದರೆ ಹಣ ಹೋಗುವುದೇ ಇಲ್ಲ. ಇದ್ದರೆ, ಅದು ಯಾರದೇ ಆಗಿರಲಿ, ಆ ಕ್ಷಣದಲ್ಲೇ ಹೋಗುತ್ತದೆ.

ಹುಡುಗ ಮೊದಲು ಬ್ಲಾಕ್‌ಚೈನ್ ಎಕ್ಸ್‌ಪ್ಲೋರರ್, ಅಂದರೆ ಕ್ರಿಪ್ಟೋ ವರ್ಗಾವಣೆಗಳ ಸಾರ್ವಜನಿಕ ದಾಖಲೆ ತೋರಿಸುವ ತಾಣ, ತೆರೆದು ಹುಡುಕಿದ್ದ. ಅಲ್ಲಿ ಏನೂ ಸಿಗಲಿಲ್ಲ. "ಹಂಗಾರ ಇನ್ನೂ ಹೋಗಿಲ್ಲೇನ್ರಿ?" ಅಂತ ಕೇಳಿದ. ಹೋಗಿತ್ತು. ಒಂದೇ ಎಕ್ಸ್‌ಚೇಂಜಿನ ಎರಡು ಖಾತೆಗಳ ನಡುವಿನ ವರ್ಗಾವಣೆ ಬ್ಲಾಕ್‌ಚೈನಿಗೆ ಬರುವುದೇ ಇಲ್ಲ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇವನ ಖಾತೆಯಲ್ಲಿ 300 ಕಳೆದು, ಆ ಖಾತೆಗೆ 300 ಕೂಡಿಸುತ್ತಾರೆ.

ಇಲ್ಲಿ ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ. ಪುಸ್ತಕ ಕಂಪನಿಯದೇ ಅಲ್ವಾ? ಒಂದು ಸಾಲು ತಿದ್ದಿದರೆ ಮುಗೀತಲ್ಲ?

ತಿದ್ದೋಕೆ ಬರುತ್ತದೆ. ಆದರೆ ಕಳಿಸಿದವನ ಮಾತೊಂದನ್ನೇ ನಂಬಿ ತಿದ್ದಬಾರದು, ತಿದ್ದುವುದೂ ಇಲ್ಲ. ಯಾಕೆ ಅಂತ ಕೇಳಿ. ನೀವು ನಿಮ್ಮ ಹಳೇ ಲ್ಯಾಪ್‌ಟಾಪ್ ಮಾರಿದಿರಿ ಅಂದುಕೊಳ್ಳಿ. ಕೊಂಡವನು ನಿಮ್ಮ ಯುಐಡಿಗೆ 300 ಯುಎಸ್‌ಡಿಟಿ ಹಾಕಿ ಲ್ಯಾಪ್‌ಟಾಪ್ ಒಯ್ದ. ಸಂಜೆ ಸಪೋರ್ಟ್‌ಗೆ ಬರೆಯುತ್ತಾನೆ: "ತಪ್ಪು ನಂಬರಿಗೆ ಹೋಯಿತು, ವಾಪಸ್ ಕೊಡಿಸಿ." ಸಪೋರ್ಟ್‌ನ ಪರದೆಯ ಮೇಲೆ ಅವನ ದೂರಿಗೂ ಇಳಕಲ್ಲಿನ ಹುಡುಗನ ದೂರಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ನಾನು ಇಂಥ ದೂರುಗಳನ್ನು ಓದಿದ್ದೇನೆ. ಕರುಳು ಚುರ್ ಅನ್ನುತ್ತದೆ, ಆದರೂ ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಸಪೋರ್ಟ್‌ನವರು ಮಾಡುವುದೇನು? ಪಡೆದವನಿಗೆ ತಾವೇ ಸಂದೇಶ ಕಳಿಸಿ, ವಾಪಸ್ ಕೊಡಲು ಒಪ್ಪಿಗೆ ಕೇಳಬಹುದು. ಒಪ್ಪಿದರೆ ಹಣ ಮರಳುತ್ತದೆ. ಅವನ ಹೆಸರು, ಫೋನ್ ನಂಬರು ಮಾತ್ರ ನಿಮಗೆ ಕೊಡುವುದಿಲ್ಲ. ವಿಧಾನ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ, ತಿರುಳು ಇದೇ.

ಹುಡುಗನಿಂದ ಆ ರಾತ್ರಿಯೇ ಸಪೋರ್ಟ್‌ಗೆ ಟಿಕೆಟ್, ಅಂದರೆ ಬರಹದ ದೂರು, ಹಾಕಿಸಿದೆ. ಮೊದಲ ಸಲ ಅವನು ಬರೆದದ್ದು "ನನ್ನ ದುಡ್ಡು ಕೊಡಿ" ಅಂತ ಒಂದೇ ಸಾಲು. ಅಳಿಸಿ ಮತ್ತೆ ಬರೆಸಿದೆ: ವರ್ಗಾವಣೆಯ ಐಡಿ, ಸಮಯ, ನಾಣ್ಯ, ಮೊತ್ತ, ತನ್ನ ಯುಐಡಿ, ಹಾಕಿದ ಯುಐಡಿ, ಹಾಕಬೇಕಿದ್ದ ಯುಐಡಿ. ಕೊನೆಯದು ಬಹಳ ಮುಖ್ಯ. ಎರಡೂ ಯುಐಡಿ ಅಕ್ಕಪಕ್ಕ ಇಟ್ಟು ನೋಡಿದರೆ ಬೆರಳು ತಪ್ಪಿದ್ದು ಕಾಣುತ್ತದೆ. ಅಕ್ಕನ ಮಗನ ಖಾತೆಗೆ ಇವನು ಹಿಂದೆಯೂ ಕಳಿಸಿದ್ದರೆ ಮಾತಿಗೆ ಇನ್ನೂ ತೂಕ. ಇವನು ಎರಡು ಸಲ ಕಳಿಸಿದ್ದ.

ಪಡೆದವನು ಒಪ್ಪದಿದ್ದರೆ ಸಪೋರ್ಟ್‌ನ ಕೆಲಸ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು. ಮುಂದಿನ ದಾರಿ ಕಾನೂನಿನದು. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿನಿಂದ ತನಗೆ ಬಂದ ಹಣವನ್ನಾಗಲಿ ಬೇರೇನನ್ನಾಗಲಿ ಪಡೆದವನು ಹಿಂದಿರುಗಿಸಬೇಕು. ಪೊಲೀಸರೋ ನ್ಯಾಯಾಲಯವೋ ಕೇಳಿದಾಗ ಎಕ್ಸ್‌ಚೇಂಜು ಕೆವೈಸಿ ವಿವರ ಕೊಡುತ್ತದೆ. ಯಾರೋ ಮೋಸದಿಂದ ಬೇರೆ ಯುಐಡಿ ಕೊಟ್ಟು ಹಾಕಿಸಿಕೊಂಡಿದ್ದರೆ ಅದು ಬೇರೆಯೇ ವಿಷಯ. ಆಗ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸಪೋರ್ಟ್‌ಗೂ "ಮೋಸ" ಅಂತ ಸ್ಪಷ್ಟವಾಗಿ ಬರೆಯಿರಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ. ಹೊರಗೆ ಹೋದಮೇಲೆ ಬಹಳ ಕಷ್ಟ.

ಇನ್ನೊಂದು ಮಾತು. "ನಾನು ಸಪೋರ್ಟ್‌ನವನು, 20 ಯುಎಸ್‌ಡಿಟಿ ಶುಲ್ಕ ಕಟ್ಟಿದರೆ ವಾಪಸ್ ತರಿಸ್ತೀನಿ" ಅಂತ ಟೆಲಿಗ್ರಾಂನಲ್ಲಿ ಬರುವವನು ಕಳ್ಳ. ನಮ್ಮ ಹುಡುಗನಿಗೂ ಮರುದಿನವೇ ಅಂಥವನೊಬ್ಬ ಗಂಟುಬಿದ್ದಿದ್ದ. ಆ್ಯಪಿನ ಒಳಗಿನ ಚಾಟ್ ಬಿಟ್ಟು ಬೇರೆಲ್ಲೂ ಮಾತಾಡಬೇಡ ಅಂದೆ.

ಒಂಬತ್ತನೇ ದಿನ 300 ಮರಳಿ ಬಂತು. ಆ ಖಾತೆಯವರು ಎಷ್ಟೋ ದಿನದಿಂದ ಆ್ಯಪ್ ತೆರೆದಿರಲಿಲ್ಲವಂತೆ, ಇಮೇಲ್ ನೋಡಿ ಒಪ್ಪಿದರು. "ಅವ್ರಿಗೊಂದು ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬೇಕ್ರಿ" ಅಂತ ಹುಡುಗ ಚಾಟ್‌ನಲ್ಲಿ ನಂಬರು ಕೇಳಿದ. ಕೊಡಲಿಲ್ಲ. ಆಮೇಲೆ ಅಕ್ಕನ ಮಗನಿಗೆ ಮೊದಲು 1 ಯುಎಸ್‌ಡಿಟಿ ಕಳಿಸಿ, "ಬಂತು ಮಾಮಾ" ಅಂತ ಅವನು ಫೋನಿನಲ್ಲಿ ಹೇಳಿದ ಮೇಲೆ ಉಳಿದ 299 ಕಳಿಸಿದ.