ಚುಕ್ಕಿ ಇಡಬೇಕಾ, ಬೇಡವಾ?

ನಮಸ್ಕಾರ. ಇಂಗ್ಲಿಷ್ ಪುಸ್ತಕ, ವರದಿಗಳನ್ನು ತಿದ್ದುವುದು ನನ್ನ ಕೆಲಸ. ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: ಇಟಿಸಿ, ಇಜಿ, ಐಇ ಬರೆಯುವಾಗ ಚುಕ್ಕಿ ಬೇಕಾ, ಬೇಡವಾ?

ಎರಡೂ ಸರಿ. ಆದರೆ ಒಂದು ಬರಹದಲ್ಲಿ ಒಂದೇ ರೀತಿ ಇರಲಿ. ಇಷ್ಟು ನೆನಪಿಟ್ಟರೆ ಸಾಕು.

ಮೂರೂ ಲ್ಯಾಟಿನ್‌ನಿಂದ ಬಂದ ಚುಟುಕು ರೂಪಗಳು. ಇಟಿಸಿ ಎಂದರೆ 'ಮತ್ತು ಉಳಿದವು'. ಇಜಿ ಎಂದರೆ 'ಉದಾಹರಣೆಗೆ'. ಐಇ ಎಂದರೆ 'ಅಂದರೆ'. ಬಿಟ್ಟ ಅಕ್ಷರಗಳ ಗುರುತಾಗಿ ಚುಕ್ಕಿ ಬಂತು. ಅಮೆರಿಕದವರು ಅದನ್ನು ಈಗಲೂ ಇಡುತ್ತಾರೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಬಿಟ್ಟಿದೆ. ಅದೇ ದೇಶದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನವರು ಉಳಿಸಿಕೊಂಡಿದ್ದಾರೆ. ಇದರಲ್ಲಿ ಯಾರನ್ನು ತಪ್ಪು ಅನ್ನೋಣ?

ಒಮ್ಮೆ ಯಂತ್ರವೊಂದರ ಕೈಪಿಡಿ ನನ್ನ ಮೇಜಿಗೆ ಬಂತು. ನಾಲ್ಕು ಜನ ಬರೆದಿದ್ದರು. ಒಂದು ಪುಟದಲ್ಲಿ ಚುಕ್ಕಿ ಇದೆ, ಮುಂದಿನ ಪುಟದಲ್ಲಿ ಇಲ್ಲ. ಎಲ್ಲ ಕಡೆ ಚುಕ್ಕಿ ಇರಲಿ ಎಂದು ಬರೆದು ವಾಪಸ್ ಕಳಿಸಿದೆ. ಅಲ್ಲಿನ ಹುಡುಗ ಕಂಪ್ಯೂಟರಿಗೆ ಹೇಳಿಬಿಟ್ಟ: ಇ, ಜಿ ಜೊತೆಯಾಗಿ ಕಂಡಲ್ಲೆಲ್ಲ ಎರಡಕ್ಕೂ ಚುಕ್ಕಿ ಹಾಕು. ಹಾಕಿತು! ಡಿಗ್ರಿ ಎಂಬ ಪದದ ಹೊಟ್ಟೆಯಲ್ಲೂ ಇ, ಜಿ ಇವೆ ಅಲ್ವಾ? ಅದು ಡಿ, ಇ, ಚುಕ್ಕಿ, ಜಿ, ಚುಕ್ಕಿ, ಆರ್, ಇ, ಇ ಆಯಿತು. ಬಿಗಿನ್ ಒಡೆಯಿತು. ಐಇ ಸರದಿ ಬಂದಾಗ ಕ್ಲೈಂಟ್ ಕೂಡ ಒಡೆಯಿತು. ಮೊದಲೇ ಕೊನೆಯಲ್ಲೊಂದು ಚುಕ್ಕಿ ಇದ್ದ ಕಡೆ ಎರಡೆರಡು ಬಿದ್ದವು. ಅದನ್ನು ಸರಿಮಾಡಲು ನನಗೆ ಎರಡು ದಿನ ಹಿಡಿಯಿತು. 'ಪೂರ್ತಿ ಪದ ಮಾತ್ರ ಹುಡುಕು' ಎಂಬ ಗುರುತನ್ನು ಒತ್ತಿದ್ದರೆ ಪದಗಳು ಒಡೆಯುತ್ತಿರಲಿಲ್ಲ. ಬರೆಯಲು ಕೂರುವ ಮೊದಲೇ ನಾಲ್ವರೂ ಒಂದು ರೀತಿ ಒಪ್ಪಿಕೊಂಡಿದ್ದರೆ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಒಂದೇ ರೀತಿ ಇರಲಿ.

ಇಟಿಸಿ ವಾಕ್ಯದ ಕೊನೆಗೆ ಬಂದರೆ ಒಂದೇ ಚುಕ್ಕಿ ಸಾಕು, ಎರಡು ಬೇಡ. ಅದರ ಹಿಂದೆ 'ಆ್ಯಂಡ್' ಕೂಡ ಬೇಡ. 'ಮತ್ತು' ಅದರೊಳಗೇ ಇದೆ. ದಯವಿಟ್ಟು ಇದನ್ನು ಬಿಟ್ಟುಬಿಡಿ, ದಿನಾ ಹೊಡೆದು ಹಾಕಿ ನನಗೆ ಸಾಕಾಗಿದೆ.

ಸಮಯ ಮುಗಿಯುತ್ತಾ ಬಂತು, ಓಕೆಯನ್ನು ಎರಡಕ್ಷರದಲ್ಲಿ ಬರೆಯಬೇಕಾ, ನಾಲ್ಕಕ್ಷರದಲ್ಲಾ ಎಂಬುದನ್ನು ಬೇಗ ಹೇಳುತ್ತೇನೆ. 1839ರಲ್ಲಿ ಬಾಸ್ಟನ್ನಿನ ಒಂದು ಪತ್ರಿಕೆ ತಮಾಷೆಗೆ ಅಚ್ಚು ಮಾಡಿದ ಪದ ಇದು. 'ಆಲ್ ಕರೆಕ್ಟ್' ಎಂಬುದನ್ನು ಬೇಕಂತಲೇ ಓ ಮತ್ತು ಕೆ ಅಕ್ಷರಗಳಿಂದ ಶುರುಮಾಡಿ ತಪ್ಪಾಗಿ ಬರೆಯುವ ಆಟ ಅದು. ಅಂದರೆ ಎರಡಕ್ಷರದ್ದೇ ಹಳೆಯದು. ಒ, ಕೆ, ಎ, ವೈ ಎಂಬ ನಾಲ್ಕಕ್ಷರದ ರೂಪ ಉಚ್ಚಾರಣೆ ನೋಡಿ ಆಮೇಲೆ ಬಂದದ್ದು. ಎರಡೂ ಸರಿ. ಎರಡಕ್ಷರದ್ದನ್ನು ಆರಿಸಿದರೆ ದೊಡ್ಡ ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. ಸಾಹೇಬರು ಕಡತವನ್ನು 'ಓಕೆ ಮಾಡಿದರು' ಎಂದು ಬರೆಯಬೇಕಾದಾಗ ಮಾತ್ರ ನಾಲ್ಕಕ್ಷರದ್ದು ಸುಲಭ. ಕೊನೆಗೆ ಇ, ಡಿ ಸೇರಿಸಿದರೆ ಮುಗಿಯಿತು. ಎರಡಕ್ಷರದ್ದಕ್ಕೆ ನಡುವೆ ಅಪಾಸ್ಟ್ರಫಿ ಗುರುತೊಂದನ್ನು ತೂರಿಸಬೇಕಾಗುತ್ತದೆ. ನಿಮ್ಮ ಬರಹದಲ್ಲಿ ಅಂಥ ವಾಕ್ಯ ಜಾಸ್ತಿ ಇದ್ದರೆ ಮೊದಲಿನಿಂದಲೂ ನಾಲ್ಕಕ್ಷರದ್ದನ್ನೇ ಬಳಸಿ. ನಮಸ್ಕಾರ.