ಫ್ರಿಡ್ಜಿನ ಗಾಳಿ ಮತ್ತು ದಕ್ಷಿಣ ಧ್ರುವದ ಆಕಾಶ

ಕೇಳುಗರಿಗೆ ನಮಸ್ಕಾರ.

1994ರ ಸುಮಾರಿಗೆ ನಮ್ಮ ಮನೆಯ ಹಳೆಯ ಫ್ರಿಡ್ಜ್ ಕೆಟ್ಟಿತ್ತು. ರಿಪೇರಿಯವರು ಬಂದು ಅದನ್ನು ಹಿತ್ತಲಿಗೆ ಎಳೆದರು. ಹಿಂಬದಿಯ ತಾಮ್ರದ ಪೈಪನ್ನು ಇಕ್ಕಳದಿಂದ ಕತ್ತರಿಸಿದರು. ಸುಯ್ ಅಂತ ಸದ್ದು ಬಂತು, ಅಷ್ಟೇ. ವಾಸನೆ ಇಲ್ಲ, ಹೊಗೆ ಇಲ್ಲ. "ಗ್ಯಾಸ್ ಹೋಯ್ತು ಸಾರ್, ಹೊಸದು ತುಂಬ್ತೀನಿ" ಎಂದರು. ಆ ಗ್ಯಾಸ್ ಎಲ್ಲಿಗೆ ಹೋಯಿತು? ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ತಲೆಯ ಮೇಲೆ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಝೋನ್ ಹರಡಿಕೊಂಡಿದೆ. ಪದರ ಅಂದ ಕೂಡಲೇ ದಪ್ಪ ಕಂಬಳಿ ಅಂದುಕೊಳ್ಳಬೇಡಿ. ಆಕಾಶದ ಓಝೋನನ್ನೆಲ್ಲ ನೆಲಕ್ಕಿಳಿಸಿ, ಇಲ್ಲಿನ ಗಾಳಿಯ ಒತ್ತಡದಲ್ಲಿ ಹಾಸಿದರೆ ದಪ್ಪ ಬರೀ 3 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅಳೆಯುವವರು ಇದನ್ನೇ 300 ಡಾಬ್ಸನ್ ಅನ್ನುತ್ತಾರೆ.

ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು ಜೋಡಿಯಾಗಿರುತ್ತವೆ. ಓಝೋನಿನಲ್ಲಿ ಮೂರು. ಈ ಮೂರನೆಯದರ ಹಿಡಿತ ಸಡಿಲ. ಸೂರ್ಯನ ನೇರಳಾತೀತ ಕಿರಣ ಬಂದು ಬಡಿದರೆ ಅದು ಕಳಚಿಕೊಳ್ಳುತ್ತದೆ, ಕಿರಣ ಅಲ್ಲೇ ಮುಗಿಯುತ್ತದೆ. ಕಳಚಿದ ಪರಮಾಣು ಸಾಮಾನ್ಯವಾಗಿ ಇನ್ನೊಂದು ಆಮ್ಲಜನಕದ ಜೋಡಿಗೆ ಅಂಟಿಕೊಂಡು ಮತ್ತೆ ಓಝೋನ್ ಆಗುತ್ತದೆ. ಹೀಗೆ ಒಡೆಯುತ್ತಾ ಕೂಡುತ್ತಾ, ನಮ್ಮ ಚರ್ಮವನ್ನೂ ಕಣ್ಣನ್ನೂ ಸುಡುವ ಕಿರಣಗಳಲ್ಲಿ ಬಹುಪಾಲನ್ನು ಅದು ಮೇಲೆಯೇ ನುಂಗಿಬಿಡುತ್ತದೆ.

ಈಗ ಅಂಟಾರ್ಕ್ಟಿಕಾಕ್ಕೆ ಹೋಗೋಣ. ಅಲ್ಲಿ ಹ್ಯಾಲಿ ಎಂಬ ಬ್ರಿಟಿಷ್ ಠಾಣೆ ಇದೆ. 1950ರ ದಶಕದಿಂದಲೂ ಅಲ್ಲಿ ಡಾಬ್ಸನ್ ಉಪಕರಣ ಇಟ್ಟು ಓಝೋನ್ ಅಳೆಯುತ್ತಿದ್ದರು. ಉಪಾಯ ಸರಳ. ಬಿಸಿಲಿನಲ್ಲಿ ಎರಡು ಬಗೆಯ ನೇರಳಾತೀತ ಕಿರಣ ಆರಿಸಿಕೊಳ್ಳುವುದು. ಒಂದನ್ನು ಓಝೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಕೆಳಗೆ ಎರಡೂ ಎಷ್ಟೆಷ್ಟು ತಲುಪಿವೆ ಎಂದು ಹೋಲಿಸಿದರೆ ಮೇಲೆ ಓಝೋನ್ ಎಷ್ಟಿದೆ ಗೊತ್ತಾಗುತ್ತದೆ. ಮೊದಲೆಲ್ಲ ಅಕ್ಟೋಬರ್ ತಿಂಗಳ ಲೆಕ್ಕ 300ರ ಆಸುಪಾಸು ಬರುತ್ತಿತ್ತು. 1980ರ ದಶಕದ ಮೊದಲ ವರ್ಷಗಳಲ್ಲಿ ಅದು 200ರ ಹತ್ತಿರಕ್ಕೆ ಕುಸಿಯಿತು. ಈ ಅಳತೆ ನೋಡಿಕೊಳ್ಳುತ್ತಿದ್ದ ವಿಜ್ಞಾನಿ ಜೋ ಫಾರ್ಮನ್ ಮತ್ತು ಅವರ ಜೊತೆಗಾರರು ಮೊದಲು ನಂಬಲಿಲ್ಲ. ಉಪಕರಣ ಹಳೆಯದು, ಕೆಟ್ಟಿರಬೇಕು ಅಂದುಕೊಂಡರು. ಹೊಸದನ್ನು ತಂದಿಟ್ಟರು. ಅದೂ ಅದನ್ನೇ ಹೇಳಿತು! 1985ರಲ್ಲಿ ಜಗತ್ತಿಗೆ ತಿಳಿಸಿದರು. ಓಝೋನ್ ತೂತು ಅನ್ನುವುದು ಈ ಕುಸಿತವನ್ನೇ.

ಅನುಮಾನ ಮೊದಲೇ ಒಂದು ವಸ್ತುವಿನ ಮೇಲಿತ್ತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬಿಬ್ಬರು ವಿಜ್ಞಾನಿಗಳು ಸಿಎಫ್‌ಸಿ ಬಗ್ಗೆ ಎಚ್ಚರಿಸಿದ್ದರು. ಇಂಗಾಲ, ಕ್ಲೋರಿನ್, ಫ್ಲೋರಿನ್ ಸೇರಿದ ಅನಿಲ ಅದು. ನಮ್ಮ ಹಿತ್ತಲಲ್ಲಿ ಸುಯ್ ಅಂದದ್ದೂ ಅದೇ ಜಾತಿಯದು. ಹೊತ್ತಿಕೊಳ್ಳುವುದಿಲ್ಲ, ಏನನ್ನೂ ತಿನ್ನುವುದಿಲ್ಲ, ಮಳೆಗೆ ಕರಗುವುದಿಲ್ಲ. ಮನೆಯೊಳಗೆ ಇದಕ್ಕಿಂತ ಸಾಧು ವಸ್ತು ಇಲ್ಲ. ಆ ಸಾಧುತನವೇ ತೊಂದರೆ ಆಯಿತು ನೋಡಿ. ಕೆಳಗೆ ಯಾವುದೂ ಅದನ್ನು ಒಡೆಯದ ಕಾರಣ ವರ್ಷಗಟ್ಟಲೆ ಅಲೆದು ಓಝೋನ್ ಇರುವ ಎತ್ತರ ಮುಟ್ಟುತ್ತದೆ. ಅಲ್ಲಿನ ಕಡು ಬಿಸಿಲಿಗೆ ಮಾತ್ರ ಒಡೆದು ಕ್ಲೋರಿನ್ ಬಿಡುತ್ತದೆ. ಕ್ಲೋರಿನ್ ಓಝೋನಿನಿಂದ ಒಂದು ಪರಮಾಣು ಕಿತ್ತುಕೊಳ್ಳುತ್ತದೆ, ಅದನ್ನು ಇನ್ನೊಂದಕ್ಕೆ ದಾಟಿಸಿ ತಾನು ಖಾಲಿ ಕೈಯಲ್ಲಿ ಮುಂದಿನ ಓಝೋನಿಗೆ ಹೋಗುತ್ತದೆ. ತಾನು ಮಾತ್ರ ಸವೆಯುವುದಿಲ್ಲ.

ಹಾಗಿದ್ದರೆ ಫ್ರಿಡ್ಜುಗಳೆಲ್ಲ ಇರುವುದು ಊರುಗಳಲ್ಲಿ, ತೂತು ಬಿದ್ದದ್ದು ಯಾರೂ ಇಲ್ಲದ ಮಂಜಿನ ಮೇಲೆ. ಯಾಕೆ? ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಮಾಮೂಲಿ ಆಕಾಶದಲ್ಲಿ ಕ್ಲೋರಿನ್‌ನ ಹೆಚ್ಚಿನ ಪಾಲು ಬೇರೆ ಅನಿಲಗಳ ಜೊತೆ ಕೂಡಿಕೊಂಡು ತೆಪ್ಪಗಿರುತ್ತದೆ, ಬೀಗ ಹಾಕಿದ ಹಾಗೆ. ಆದರೆ ದಕ್ಷಿಣ ಧ್ರುವದ ಚಳಿಗಾಲ ತಿಂಗಳುಗಟ್ಟಲೆ ಕತ್ತಲು. ಗಾಳಿ ದೊಡ್ಡ ಸುಳಿಯಾಗಿ ಅಲ್ಲೇ ತಿರುಗುತ್ತದೆ, ಹೊರಗಿನ ಬೆಚ್ಚನೆಯ ಗಾಳಿ ಒಳಗೆ ಬರುವುದಿಲ್ಲ. ಮೈನಸ್ 78 ಡಿಗ್ರಿಗೂ ಕೆಳಗಿಳಿದಾಗ ಆ ಒಣ ಎತ್ತರದಲ್ಲೂ ತೆಳು ಮೋಡ ಕಟ್ಟುತ್ತದೆ. ಆ ಮೋಡದ ಕಣಗಳ ಮೈಮೇಲೆ ಬೀಗ ಬಿಚ್ಚುತ್ತದೆ. ಅಮೆರಿಕದ ವಿಜ್ಞಾನಿ ಸೂಸನ್ ಸಾಲೊಮನ್ ಈ ಮಾತನ್ನು ಮುಂದಿಟ್ಟು, 1986ರಲ್ಲಿ ತಂಡ ಕಟ್ಟಿಕೊಂಡು ಅಲ್ಲಿಗೇ ಹೋದರು. ಸೆಪ್ಟೆಂಬರಿನಲ್ಲಿ ಸೂರ್ಯ ಮೂಡಿದ್ದೇ ತಡ, ಬಿಡುಗಡೆಯಾದ ಕ್ಲೋರಿನ್ ಕೆಲವೇ ವಾರಗಳಲ್ಲಿ ಓಝೋನನ್ನು ಮೇಯ್ದುಬಿಡುತ್ತದೆ. ಬೇಸಿಗೆ ಹತ್ತಿರವಾಗಿ ಸುಳಿ ಒಡೆದ ಮೇಲೆ ಹೊರಗಿನ ಓಝೋನ್ ನುಗ್ಗಿ ತೂತು ತುಂಬುತ್ತದೆ. ಮುಂದಿನ ವರ್ಷ ಮತ್ತೆ ಅದೇ ಪಾಠ.

1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು, ಸಿಎಫ್‌ಸಿ ತಯಾರಿಕೆ ಹಂತ ಹಂತವಾಗಿ ನಿಂತಿತು. ಆದರೂ ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು ಸುಮಾರು 2066ಕ್ಕೆ ಎಂದು ವಿಜ್ಞಾನಿಗಳ ಅಂದಾಜು. ಇಷ್ಟು ತಡ ಯಾಕೆ ಅಂದರೆ, ಹಳೆಯ ಫ್ರಿಡ್ಜುಗಳಲ್ಲಿದ್ದ ಸಿಎಫ್‌ಸಿ-12 ಗಾಳಿಯಲ್ಲಿ ಸರಾಸರಿ ನೂರು ವರ್ಷ ಉಳಿಯುತ್ತದೆ. ಆ ದಿನ ನಮ್ಮ ಹಿತ್ತಲಿನಿಂದ ಹೊರಟದ್ದರಲ್ಲಿ ಮುಕ್ಕಾಲು ಪಾಲು ಇನ್ನೂ ಒಡೆಯದೆ ತಿರುಗುತ್ತಿದೆ. ಆ ಫ್ರಿಡ್ಜನ್ನು ಮಾತ್ರ ನಾವು ಗುಜರಿಗೆ ಹಾಕಿ ಇಪ್ಪತ್ತು ವರ್ಷವಾಯಿತು.

ನಮಸ್ಕಾರ.